ಒಳಚಡ್ಡಿ ಎಲ್ಲಿ ಕಚ್ಚುತ್ತಿದೆ? ಉರಿ, ಬೆವರು, ಸೊಂಟದ ತುರಿಕೆಯ ಮೂಲ ಹುಡುಕುವ ಕ್ರಮ

ಮಾರ್ಚ್ ಕಳೆಯುತ್ತಿದ್ದಂತೆ ನಮ್ಮ ಉಡುಪಿ ಕಡೆಯ ಬಟ್ಟೆ ಅಂಗಡಿಯ ಕೌಂಟರಿಗೆ ಒಂದೇ ದೂರು ಬಗೆಬಗೆಯಾಗಿ ಬರುತ್ತದೆ. ನಾಚಿಕೆಯವರು "ಸ್ವಲ್ಪ ಒಳ್ಳೇದು ತೋರಿಸಿ" ಅನ್ನುತ್ತಾರೆ. ನಾಚಿಕೆ ಬಿಟ್ಟವರು "ಇದು ಕಚ್ಚುತ್ತೆ ಮಾರಾಯ್ರೆ" ಅನ್ನುತ್ತಾರೆ. ಎರಡನೆಯವರಿಗೆ ಸಹಾಯ ಮಾಡುವುದು ಸುಲಭ, ಏಕೆಂದರೆ ಮುಂದಿನ ಪ್ರಶ್ನೆ ಕೇಳಬಹುದು: ಎಲ್ಲಿ ಕಚ್ಚುತ್ತದೆ?

ಹೊಸ ಚಡ್ಡಿ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಸಂಜೆ ಮನೆಗೆ ಬಂದು ಬಟ್ಟೆ ಬಿಚ್ಚಿದ ಕೂಡಲೇ, ಸ್ನಾನಕ್ಕೆ ಮೊದಲು, ಒಳ್ಳೆಯ ಬೆಳಕಿನಲ್ಲಿ ಕೈಗನ್ನಡಿ ಹಿಡಿದು ನೋಡಿಕೊಳ್ಳಿ. ಬಿಸಿನೀರು ಬಿದ್ದ ಮೇಲೆ ಇಡೀ ಚರ್ಮವೇ ಕೆಂಪಾಗಿರುತ್ತದೆ, ಆಗ ಏನೂ ತಿಳಿಯುವುದಿಲ್ಲ. ಸೊಂಟದ ಸುತ್ತ ಕೆಂಪಾಗಿದ್ದರೆ ಎಲಾಸ್ಟಿಕ್ ಕಡೆ ನೋಡಬೇಕು. ತೊಡೆಗಳು ಒಂದಕ್ಕೊಂದು ತಾಗುವಲ್ಲಿ ಕೆಂಪಾಗಿದ್ದರೆ ಕಟ್ ಕಡೆ, ತೊಡೆಸಂದಿನ ಮಡಿಕೆಯಲ್ಲಿ ಗೆರೆ ಎದ್ದಿದ್ದರೆ ಹೊಲಿಗೆ ಕಡೆ. ಎಲ್ಲ ಕಡೆ ಹರಡಿದ ಒರಟುತನವಾದರೆ ಬಹುಮಟ್ಟಿಗೆ ಅದು ಒಗೆಯುವ ಬಕೆಟಿನಲ್ಲಿ ಹುಟ್ಟಿದ್ದು. ಅಲ್ಲಿಂದಲೇ ಶುರು ಮಾಡೋಣ, ಅದಕ್ಕೆ ದುಡ್ಡು ಬೇಡ.

## ಮೊದಲು ಚೆನ್ನಾಗಿತ್ತು, ಈಗ ಎಲ್ಲ ಕಡೆ ಚುಚ್ಚುತ್ತದೆ

ಒಣಗಿದ ಚಡ್ಡಿಯನ್ನು ಹಗ್ಗದಿಂದ ತೆಗೆದಾಗ ಹಪ್ಪಳದಂತೆ ಗಟ್ಟಿಯಾಗಿದೆಯೇ? ಬೋರ್‌ವೆಲ್ ನೀರಿನ ಮನೆಗಳಲ್ಲಿ, ಬೆಂಗಳೂರಿನ ಹೊರವಲಯದಲ್ಲಂತೂ, ಇದು ದಿನನಿತ್ಯದ ಮಾತು. ಗಡಸು ನೀರಿನ ಸುಣ್ಣದಂಶ ಸೋಪಿನ ಜೊತೆ ಸೇರಿ ಕರಗದ ಜಿಡ್ಡಾಗಿ ನೂಲಿನ ಸಂದಿಯಲ್ಲಿ ಕೂರುತ್ತದೆ. ಬೆವರಿದಾಗ ಅದೇ ಚರ್ಮಕ್ಕೆ ಉಜ್ಜುತ್ತದೆ.

ಪರೀಕ್ಷೆ ಸುಲಭ. ಒಗೆದು ಒಣಗಿದ ಚಡ್ಡಿಯನ್ನು ಸೋಪಿಲ್ಲದ ಶುದ್ಧ ನೀರಲ್ಲಿ ಹಾಕಿ ಚೆನ್ನಾಗಿ ಹಿಸುಕಿ. ನೊರೆ ಬಂದರೆ ಹಳೆಯ ಸೋಪು ಇನ್ನೂ ಬಟ್ಟೆಯೊಳಗೇ ಇದೆ. ಪುಡಿ ಅರ್ಧಕ್ಕೆ ಇಳಿಸಿ, ಸಾಧ್ಯವಾದರೆ ಬಾರ್ ಸೋಪು ಬಿಟ್ಟು ಲಿಕ್ವಿಡ್ ಹಾಕಿ, ಜಾಲಿಸುವುದನ್ನು ಒಂದು ಸಲ ಹೆಚ್ಚಿಸಿ. ಮೆತ್ತಗಾಗಲೆಂದು ಹಾಕುವ ಕಂಡೀಷನರ್ ಒಳಉಡುಪಿಗೆ ಬೇಡ. ಅದು ನೂಲಿನ ಮೇಲೆ ತೆಳು ಪದರ ಬಿಡುತ್ತದೆ. ಮುಟ್ಟಲು ಮೆತ್ತಗೆನಿಸಿದರೂ ಬಟ್ಟೆಗೆ ಬೆವರು ಹೀರುವ ಶಕ್ತಿ ಕುಗ್ಗುತ್ತದೆ.

ಇದೆಲ್ಲ ಮಾಡಿದರೂ ಹಾಗೇ ಇದ್ದರೆ ಚಡ್ಡಿಯಲ್ಲಿ ಎರಡು ತೊಡೆಗಳ ನಡುವೆ ಬರುವ ಕವಟೆಯ ಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಬಟ್ಟೆ ಜಾಳುಜಾಳಾಗಿ ಗಂಟುಗಂಟು ಕಂಡರೆ ಅದರ ಆಯಸ್ಸು ಮುಗಿಯಿತು. ಅದನ್ನು ಬೈಕ್ ಒರೆಸಲು ಇಟ್ಟುಕೊಳ್ಳಿ.

## ಸೊಂಟದಲ್ಲಿ ಆಳದ ಗೆರೆ, ಇಲ್ಲವೇ ಚಡ್ಡಿ ಜಾರುತ್ತದೆ

ಪ್ಯಾಕೆಟ್ ಮೇಲಿನ 80, 85, 90, 95 ಎಂಬ ಅಂಕಿಗಳು ಸೊಂಟದ ಸುತ್ತಳತೆ, ಸೆಂಟಿಮೀಟರಿನಲ್ಲಿ. ಬಹಳ ಜನ ಪ್ಯಾಂಟಿನ ಇಂಚನ್ನು ಹೇಳಿ ಚಡ್ಡಿ ಕೇಳುತ್ತಾರೆ. ಲೆಕ್ಕದ ಪ್ರಕಾರ 34 ಇಂಚು ಎಂದರೆ ಸುಮಾರು 86 ಸೆಂಟಿಮೀಟರ್. ಆದರೆ ರೆಡಿಮೇಡ್ ಪ್ಯಾಂಟುಗಳಲ್ಲಿ ಲೇಬಲ್ಲಿಗಿಂತ ನಿಜವಾದ ಸೊಂಟ ದೊಡ್ಡದಾಗಿ ಹೊಲಿದಿರುವುದು ಸಾಮಾನ್ಯ. ಗಿರಾಕಿಗೆ ತಾನು ತೆಳ್ಳಗಿದ್ದೇನೆ ಅನಿಸಲಿ ಎಂಬ ವ್ಯಾಪಾರದ ಜಾಣತನ ಅದು. ಹಾಗಾಗಿ ಟೈಲರ್ ಟೇಪು ತಂದು, ಚಡ್ಡಿಯ ಪಟ್ಟಿ ಕೂರುವ ಜಾಗದಲ್ಲೇ, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ಎರಡು ಸೈಜಿನ ನಡುವೆ ಬಂದರೆ, ಹತ್ತಿಯ ಚಡ್ಡಿಗೆ ದೊಡ್ಡದನ್ನು ಆರಿಸಿ, ಮೊದಲ ಕೆಲವು ಒಗೆತದಲ್ಲಿ ಹತ್ತಿ ಸ್ವಲ್ಪ ಕುಗ್ಗುತ್ತದೆ. ಲೈಕ್ರಾ ಬೆರೆತ ಬಟ್ಟೆಗೆ ಚಿಕ್ಕದೇ ಸಾಕು.

ಸಂಜೆ ತೆಗೆದ ಮೇಲೆ ಎಲಾಸ್ಟಿಕ್ಕಿನ ಗುರುತು ಕಾಣುವುದು ಸಹಜ. ಅರ್ಧ ಗಂಟೆಯಲ್ಲಿ ಅದು ಮಾಯವಾಗಬೇಕು. ರಾತ್ರಿ ಊಟದವರೆಗೂ ಅಚ್ಚು ಉಳಿದರೆ ಬಿಗಿ ಹೆಚ್ಚು. ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ಕುಳಿತಾಗಲೂ. ಹೊಟ್ಟೆ ಇರುವವರಿಗೆ ಕುಳಿತಾಗ ಪಟ್ಟಿ ಮಡಚಿ ಕಡ್ಡಿಯಂತಾಗುತ್ತದೆ. ಅಂಥವರಿಗೆ ಅರ್ಧ ಇಂಚಿನ ಬಿಗಿ ಪಟ್ಟಿಗಿಂತ ಒಂದೂವರೆ ಇಂಚಿನ ಅಗಲ, ಮೆತ್ತನೆಯ ಪಟ್ಟಿಯೇ ಒಳ್ಳೆಯದು. ಅದೇ ಒತ್ತಡ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ.

ಇಲ್ಲೊಂದು ಎಚ್ಚರಿಕೆ. ತೊಡೆಯ ಹೊರಮಗ್ಗುಲು ಜೋಮು ಹಿಡಿದಂತೆ, ಇರುವೆ ಹರಿದಂತೆ ಅಥವಾ ಉರಿದಂತೆ ಆಗುತ್ತಿದ್ದರೆ ಅದು ಚರ್ಮದ ತೊಂದರೆಯಲ್ಲ. ಸೊಂಟದ ಮೂಳೆಯ ಹತ್ತಿರ ಹಾದುಹೋಗುವ ಒಂದು ನರದ ಮೇಲೆ ಬಿಗಿ ಪಟ್ಟಿ ಅಥವಾ ಬೆಲ್ಟು ಒತ್ತಿದಾಗ ಹೀಗಾಗುತ್ತದೆ. ಎರಡನ್ನೂ ಸಡಿಲ ಮಾಡಿ ನೋಡಿ. ಕೆಲವು ವಾರಗಳಲ್ಲಿ ಕಡಿಮೆಯಾಗದಿದ್ದರೆ, ಅಥವಾ ಕಾಲಿನಲ್ಲಿ ಬಲ ಕುಗ್ಗಿದಂತೆ ಅನಿಸಿದರೆ ವೈದ್ಯರಿಗೆ ತೋರಿಸಿ.

## ಪಟ್ಟಿ ಬಿಗಿಯಿಲ್ಲ, ಆದರೂ ಸೊಂಟದ ಸುತ್ತ ತುರಿಕೆ

ಚಡ್ಡಿಗಳಲ್ಲಿ ಎಲಾಸ್ಟಿಕ್ ಎರಡು ಬಗೆ. ಬ್ರಾಂಡಿನ ಹೆಸರು ನೇಯ್ದ ಪಟ್ಟಿ ನೇರ ಚರ್ಮಕ್ಕೆ ತಾಗುವುದು ಒಂದು, ಅಂಗಡಿಯ ಭಾಷೆಯಲ್ಲಿ ಔಟರ್ ಎಲಾಸ್ಟಿಕ್. ಎಲಾಸ್ಟಿಕ್ಕನ್ನು ಹತ್ತಿ ಬಟ್ಟೆಯೊಳಗೆ ಮಡಚಿ ಹೊಲಿದದ್ದು ಇನ್ನೊಂದು, ಇನ್ನರ್ ಎಲಾಸ್ಟಿಕ್. ಪ್ಯಾಂಟಿನಿಂದ ಪಟ್ಟಿ ಸ್ವಲ್ಪ ಕಾಣಬೇಕೆಂಬ ಹುಡುಗರ ಫ್ಯಾಷನ್ನಿನಿಂದ ಮೊದಲನೆಯದು ಗೆದ್ದಿತು. ಬೆವರುವ ಚರ್ಮಕ್ಕೆ ಎರಡನೆಯದೇ ಸುಖ.

ಕಾರಣ ಹುಡುಕುವುದು ಹೀಗೆ: ತುರಿಕೆ ಪಟ್ಟಿಯ ಅಗಲದಷ್ಟೇ, ಅಂಚು ಕತ್ತರಿಸಿದಂತೆ ಇದೆಯೇ? ಹಾಗಿದ್ದರೆ ಪಟ್ಟಿಯೇ ಕಾರಣ. ಹಿಂದೆ ಬೆನ್ನುಮೂಳೆಯ ಹತ್ತಿರ ಮಾತ್ರವಿದ್ದರೆ ಅದು ಲೇಬಲ್ಲಿನ ಕೆಲಸ. ಕತ್ತರಿಸುವ ಬದಲು ಹೊಲಿಗೆ ಬಿಚ್ಚಿ ತೆಗೆಯಿರಿ, ಕತ್ತರಿಸಿದ ಮೊಂಡು ಅಂಚು ಇನ್ನೂ ಹೆಚ್ಚು ಚುಚ್ಚುತ್ತದೆ. ಹೊಕ್ಕುಳಿನ ಕೆಳಗೆ ಒಂದೇ ಚುಕ್ಕೆಯಲ್ಲಿದ್ದರೆ ಪ್ಯಾಂಟಿನ ಗುಂಡಿ ಅಥವಾ ಬೆಲ್ಟಿನ ಬಕಲ್ ನೋಡಿ. ಅದರಲ್ಲಿನ ನಿಕ್ಕಲ್ ಬೆವರಿಗೆ ಕರಗಿ ಅಲರ್ಜಿ ಮಾಡುವುದುಂಟು.

ಬಿಳಿ ಚಡ್ಡಿಗೆ ಬ್ಲೀಚ್ ಹಾಕುವ ಅಭ್ಯಾಸವಿದ್ದರೆ ಬಿಡಿ. ರಬ್ಬರು ತಯಾರಿಸುವಾಗ ಬಳಸಿದ ಕೆಲವು ರಾಸಾಯನಿಕಗಳು ಬ್ಲೀಚಿನ ಜೊತೆ ಸೇರಿ ಅಲರ್ಜಿ ಮಾಡುವ ವಸ್ತುವಾಗುತ್ತವೆ. ಅಷ್ಟು ದಿನ ಸುಮ್ಮನಿದ್ದ ಎಲಾಸ್ಟಿಕ್ ಬ್ಲೀಚ್ ಕಂಡ ಮೇಲೆ ಕಚ್ಚಲು ಶುರು ಮಾಡುವುದು ಇದರಿಂದಲೇ.

ಖಚಿತಪಡಿಸಿಕೊಳ್ಳಲು ಒಂದು ವಾರ ಬನಿಯನ್ನನ್ನು ಪಟ್ಟಿಯ ಒಳಗೆ ಸಿಗಿಸಿಕೊಂಡು ನೋಡಿ. ತುರಿಕೆ ಇಳಿದರೆ ಇನ್ನರ್ ಎಲಾಸ್ಟಿಕ್ಕಿಗೆ ಬದಲಾಯಿಸಿ. ಇಳಿಯದೆ ನೀರು ಒಸರತೊಡಗಿದರೆ ಚರ್ಮದ ಡಾಕ್ಟರ ಬಳಿ ಹೋಗಿ.

## ನಡೆದರೆ, ಬೈಕ್ ಓಡಿಸಿದರೆ ತೊಡೆಯ ಒಳಭಾಗ ಉರಿ

ಅತಿ ಹೆಚ್ಚು ಬರುವ ದೂರು ಇದು, ಅತಿ ಹೆಚ್ಚು ತಪ್ಪು ಮದ್ದು ನಡೆಯುವುದೂ ಇದಕ್ಕೇ. ನನ್ನ ತಂಗಿಯ ಗಂಡನದ್ದೇ ಉದಾಹರಣೆ ಕೊಡುತ್ತೇನೆ, ಅವನ ಒಪ್ಪಿಗೆ ಇದೆ. ಕುಂದಾಪುರದಿಂದ ಪಡುಬಿದ್ರಿಯವರೆಗೆ ಬೈಕಿನಲ್ಲಿ ಅಂಗಡಿ ಅಂಗಡಿ ಸುತ್ತಿ ಬಿಸ್ಕತ್ತಿನ ಆರ್ಡರ್ ಹಿಡಿಯುವ ಕೆಲಸ. ಮೇ ತಿಂಗಳಲ್ಲಿ ಕಾಲು ಅಗಲಿಸಿ ನಡೆಯುವ ಸ್ಥಿತಿಗೆ ಬಂದ. "ಭಾವ, ಬಿಗಿ ಆಯ್ತು ಅಂತ 100ರ ಸೈಜು ತಗೊಂಡೆ. ಈಗ ಇನ್ನೂ ಜೋರು ಉರಿ," ಅಂದ.

ಅವನ ಸೊಂಟ ಅಳೆದರೆ 91 ಸೆಂಟಿಮೀಟರ್. ಮೊದಲು ತೊಡುತ್ತಿದ್ದದ್ದು 85ರ ಬ್ರೀಫ್, ಪ್ಯಾಂಟಿನ 34 ನಂಬಿ ಕೊಂಡದ್ದು. ಅದು ಬಿಗಿಯಾಗಿದ್ದದ್ದು ನಿಜವೇ. ಆದರೆ ಉರಿಯಿದ್ದದ್ದು ಸೊಂಟದಲ್ಲೂ ಅಲ್ಲ, ತೊಡೆಸಂದಿನಲ್ಲೂ ಅಲ್ಲ. ಕವಟೆಯಿಂದ ಕೆಳಗೆ ಅರ್ಧ ಗೇಣಿಗೆ ಸ್ವಲ್ಪ ಕಡಿಮೆ ಉದ್ದಕ್ಕೆ, ಎರಡೂ ತೊಡೆಯಲ್ಲಿ ಕನ್ನಡಿಯ ಪ್ರತಿಬಿಂಬದಂತೆ ಒಂದೇ ಆಕಾರದ ಕೆಂಪು. ಇದು ಚರ್ಮಕ್ಕೆ ಚರ್ಮ ಉಜ್ಜಿದ ಗುರುತು. ಬ್ರೀಫಿಗೆ ಕಾಲೇ ಇಲ್ಲ, ಅದು 85 ಇರಲಿ 100 ಇರಲಿ, ಆ ಜಾಗವನ್ನು ಮುಚ್ಚುವುದೇ ಇಲ್ಲ. ದೊಡ್ಡದು ಕೊಂಡದ್ದರಿಂದ ಆದದ್ದೇನೆಂದರೆ ಸಡಿಲ ಬಟ್ಟೆ ಕವಟೆಯಲ್ಲಿ ಮುದ್ದೆಯಾಗಿ, ಬೆವರು ಹೀರಿ, ಉಜ್ಜಲು ಇನ್ನೊಂದು ಒದ್ದೆ ಮಡಿಕೆ ಸಿಕ್ಕಿತು.

ಟ್ರಂಕ್ ಕೊಟ್ಟೆ, 90ರದ್ದು. ಎರಡೇ ದಿನಕ್ಕೆ ಮರಳಿ ಬಂದ. ಅದರ ಕಾಲಿನ ಉದ್ದ ಎರಡು ಇಂಚು. ಅವನ ತೊಡೆಗಳು ತಾಗುವುದು ನಾಲ್ಕು ಇಂಚಿನವರೆಗೆ. ಅಂಚು ಸರಿಯಾಗಿ ಉಜ್ಜುವ ಜಾಗದ ನಡುವೆ ಬಂದು, ನಡೆಯುವಾಗ ಸುರುಳಿ ಸುತ್ತಿ ಮೇಲೇರಿ ಹಗ್ಗದಂತೆ ನಿಲ್ಲುತ್ತಿತ್ತು. ಕೊನೆಗೆ ಸರಿಹೋದದ್ದು ಆರು ಇಂಚು ಕಾಲಿನ ಲಾಂಗ್ ಟ್ರಂಕ್. ಕೆಲವರು ಬಾಕ್ಸರ್ ಬ್ರೀಫ್ ಅನ್ನುತ್ತಾರೆ. ಚರ್ಮದ ಬದಲು ಬಟ್ಟೆಗೆ ಬಟ್ಟೆ ಜಾರತೊಡಗಿತು, ಗಾಯ ಮಾಗಲು ಬಿಡುವು ಸಿಕ್ಕಿತು.

ನಿಮ್ಮ ಅಳತೆ ಹೀಗೆ ತೆಗೆಯಿರಿ. ಕಾಲು ಸ್ವಾಭಾವಿಕವಾಗಿ ಇಟ್ಟು ನಿಂತು, ಕವಟೆಯಿಂದ ತೊಡೆಗಳು ಒಂದನ್ನೊಂದು ಬಿಡುವ ಜಾಗದವರೆಗೆ ಟೇಪು ಹಿಡಿಯಿರಿ. ಅದಕ್ಕೆ ಒಂದೂವರೆ, ಎರಡು ಇಂಚು ಸೇರಿಸಿದರೆ ಬೇಕಾದ ಕಾಲಿನ ಉದ್ದ ಸಿಕ್ಕಿತು. ತೊಡುವಾಗ ಕಾಲಿನ ಅಂಚಿನಲ್ಲಿ ಒಂದು ಬೆರಳು ಹೋಗಬೇಕು. ಹೋಗದಿದ್ದರೆ ಬಿಗಿಯಿಂದಾಗಿ ಮೇಲೇರುತ್ತದೆ, ಸುತ್ತ ಜೋತಾಡಿದರೆ ಸಡಿಲದಿಂದಾಗಿ ಮೇಲೇರುತ್ತದೆ. ಉದ್ದ ಸರಿಯಿದ್ದೂ ಏರುತ್ತಿದ್ದರೆ ಬಟ್ಟೆಯಲ್ಲಿ ಲೈಕ್ರಾ ಇದೆಯೇ ನೋಡಿ, ನೂರಕ್ಕೆ ಐದರಿಂದ ಎಂಟರಷ್ಟು. ಪೂರ್ತಿ ಹತ್ತಿಯ ಕಾಲು ಮಧ್ಯಾಹ್ನದ ಹೊತ್ತಿಗೆ ಅಗಲಗೊಂಡು ಹಿಡಿತ ಬಿಡುತ್ತದೆ.

ಹಿರಿಯರು ಪಟ್ಟಾಪಟ್ಟಿ ಚಡ್ಡಿಯೇ ಸಾಕು ಅನ್ನುತ್ತಾರೆ. ಪಂಚೆಯೊಳಗೆ, ಮನೆಯಲ್ಲಿ, ಅಂಗಡಿಯ ಗಲ್ಲಾದ ಮುಂದೆ ಅದಕ್ಕಿಂತ ಗಾಳಿಯಾಡುವ ಉಡುಪು ಇನ್ನೊಂದಿಲ್ಲ. ಜೀನ್ಸ್ ಒಳಗೆ ತೊಟ್ಟು ಬೈಕ್ ಹತ್ತಿದರೆ ಮಾತ್ರ ಅದರ ದಪ್ಪ ನೆರಿಗೆಗಳೇ ಶತ್ರು.

ಗಾಯ ಮಾಗುವವರೆಗೆ ಜಾಗವನ್ನು ತೊಳೆದು, ಒರೆಸದೆ ಒತ್ತಿ ಒಣಗಿಸಿ, ಮನೆಯಿಂದ ಹೊರಡುವ ಮೊದಲು ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಸವರಿ. ಒದ್ದೆ ಚರ್ಮದ ಮೇಲೆ ಪೌಡರ್ ಸುರಿಯಬೇಡಿ, ಕರಾವಳಿಯ ಬೆವರಿಗೆ ಅದು ಅರ್ಧ ಗಂಟೆಯಲ್ಲಿ ಹಿಟ್ಟಿನ ಉಂಡೆಯಾಗಿ ಮರಳಿನ ಕೆಲಸ ಮಾಡುತ್ತದೆ.

## ತೊಡೆಸಂದಿನ ಮಡಿಕೆಯಲ್ಲಿ ಸಣ್ಣ ಉದ್ದ ಗೆರೆ

ಇದು ಬ್ರೀಫ್ ತೊಡುವವರ ದೂರು. ಚಡ್ಡಿಯನ್ನು ಒಳಮಗ್ಗುಲು ಹೊರಗೆ ಮಾಡಿ, ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸಿ. ಎದ್ದು ನಿಂತ ಏಣಿಯಂಥ ಹೊಲಿಗೆ ತಾಗಿದರೆ ಅದು ಸಾದಾ ಓವರ್‌ಲಾಕ್. ಎರಡು ಬಟ್ಟೆ ಒಂದೇ ಮಟ್ಟದಲ್ಲಿ ಕೂಡಿಕೊಂಡು ಬೆರಳು ಜಾರಿಹೋದರೆ ಫ್ಲಾಟ್‌ಲಾಕ್. ಉಡುಪಿನಲ್ಲಿ ಬೇರೆಲ್ಲ ಕಡೆ ಓವರ್‌ಲಾಕ್ ನಡೆಯುತ್ತದೆ, ತೊಡೆಸಂದಿನಲ್ಲಿ ಮಾತ್ರ ಅದು ಕಚ್ಚುತ್ತದೆ. ದುಡ್ಡು ಖರ್ಚು ಮಾಡುವ ಮೊದಲು ಇದ್ದದ್ದನ್ನೇ ಒಂದು ದಿನ ಒಳಮಗ್ಗುಲು ಹೊರಗೆ ಮಾಡಿ ತೊಟ್ಟು ನೋಡಿ. ಗೆರೆ ಬರದಿದ್ದರೆ ರೋಗ ಸಿಕ್ಕಿತು.

## ಮಧ್ಯಾಹ್ನಕ್ಕೇ ಒದ್ದೆ, ಅಂಟು, ವಾಸನೆ

ಬಟ್ಟೆಯ ಪ್ರಶ್ನೆ ಬರುವುದು ಇಲ್ಲಿ. ಉತ್ತರ ನೀವು ಯಾವ ಊರಿನಲ್ಲಿದ್ದೀರಿ ಎಂಬುದರ ಮೇಲಿದೆ.

ಸಾಮಾನ್ಯ ಹವೆಯಲ್ಲಿ 100 ಗ್ರಾಂ ಒಣ ಹತ್ತಿ ಏಳೆಂಟು ಗ್ರಾಂ ನೀರಿನಂಶವನ್ನು ತನ್ನೊಳಗೆ ಹಿಡಿದಿರುತ್ತದೆ. ಮರದ ತಿರುಳಿನಿಂದ ತೆಗೆಯುವ ನೂಲುಗಳಾದ ಮೋಡಲ್, ವಿಸ್ಕೋಸ್ ಅದಕ್ಕಿಂತ ಹೆಚ್ಚು, 11ರಿಂದ 13 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಮಿಗಿಂತ ಕಡಿಮೆ. ಹತ್ತಿ ಬೆವರು ಕುಡಿಯುತ್ತದೆ, ಆದರೆ ಬೇಗ ಬಿಟ್ಟುಕೊಡುವುದಿಲ್ಲ. ಪಾಲಿಯೆಸ್ಟರ್ ಕುಡಿಯುವುದೇ ಇಲ್ಲ. ಜಾಳಾಗಿ ಹೆಣೆದಿದ್ದರೆ ನೂಲಿನ ಸಂದಿಯಲ್ಲಿ ಬೆವರನ್ನು ಹರಡಿ ಹಾರಿಬಿಡುತ್ತದೆ, ಒತ್ತಾಗಿ ಹೆಣೆದಿದ್ದರೆ ಬೆವರು ಚರ್ಮದ ಮೇಲೇ ನಿಲ್ಲುತ್ತದೆ.

ಕಲಬುರಗಿ, ರಾಯಚೂರಿನ ಒಣ ಬಿಸಿಲಿನಲ್ಲಿ ತೆಳು ಹತ್ತಿಗೆ ಸಾಟಿಯಿಲ್ಲ. ಹೀರಿದ ಬೆವರು ಬೇಗ ಆರುತ್ತದೆ, ಆರುವಾಗ ತಂಪು ಕೊಡುತ್ತದೆ. ಮಂಗಳೂರು, ಕಾರವಾರದಲ್ಲಿ ಗಾಳಿಯೇ ನೀರು ತುಂಬಿಕೊಂಡಿರುವುದರಿಂದ ಹತ್ತಿ ಬೆಳಗ್ಗೆ ಒದ್ದೆಯಾದದ್ದು ಸಂಜೆಯವರೆಗೂ ಒದ್ದೆ. ಇಲ್ಲಿ ಎಂಟು ಗಂಟೆ ಕೂತು ಕೆಲಸ ಮಾಡುವವರಿಗೆ ತೆಳುವಾದ ಮೋಡಲ್-ಲೈಕ್ರಾ ಹಿತ. ಒದ್ದೆಯಾದರೂ ನಯ ಉಳಿಸಿಕೊಂಡು ಕಡಿಮೆ ಉಜ್ಜುತ್ತದೆ. ಓಡಾಡಿ ಸುಸ್ತಾಗುವ ಕೆಲಸದವರಿಗೆ, ಮಳೆಗಾಲದಲ್ಲಿ ಬಟ್ಟೆ ಒಣಗದ ಮಲೆನಾಡಿನವರಿಗೆ ಜಾಲರಿ ಹೆಣಿಗೆಯ ನೈಲಾನ್ ಅಥವಾ ಪಾಲಿಯೆಸ್ಟರ್ ಉಪಯೋಗಕ್ಕೆ ಬರುತ್ತದೆ. ಅದಕ್ಕೆ ವಾಸನೆ ಬೇಗ ಹತ್ತುತ್ತದೆ, ದಿನಾ ಒಗೆಯಲೇಬೇಕು. ನನ್ನನ್ನು ಕೇಳಿದರೆ ಕರಾವಳಿಯಲ್ಲಿ ಎಲ್ಲಕ್ಕಿಂತ ಅಗ್ಗದ ಪರಿಹಾರ ಬ್ಯಾಗಿನಲ್ಲೊಂದು ಇನ್ನೊಂದು ಚಡ್ಡಿ, ಊಟದ ಹೊತ್ತಿಗೆ ಬದಲಾಯಿಸಲು. ಅಂಗಡಿಯವನು ಹೇಳಿದರೆ ವ್ಯಾಪಾರ ಅನಿಸೀತು, ಆದರೂ ಹೇಳುತ್ತೇನೆ.

ಬಿದಿರಿನ ಬಟ್ಟೆ ಎಂದು ದುಬಾರಿಗೆ ಮಾರುವುದು ಸಾಮಾನ್ಯವಾಗಿ ಬಿದಿರಿನ ತಿರುಳಿನಿಂದ ಮಾಡಿದ ವಿಸ್ಕೋಸ್. ಮೆತ್ತಗಿರುತ್ತದೆ, ಸರಿ. ಬಿದಿರಿಗೆ ರೋಗಾಣು ಕೊಲ್ಲುವ ಗುಣವಿದೆ ಎಂಬ ಮಾತನ್ನು ನಂಬಿ ಹೆಚ್ಚು ಕೊಡಬೇಡಿ. ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ನೂಲು ತೆಗೆದ ಮೇಲೆ ಅದು ಬೇರೆ ಮರದ ವಿಸ್ಕೋಸಿನಂಥದ್ದೇ.

ಲೇಬಲ್ ಮೇಲೆ ಅನುಮಾನವಿದ್ದರೆ, ಒಮ್ಮೆ ಒಗೆದ ಚಡ್ಡಿಯ ಮೇಲೆ ಒಂದು ಹನಿ ನೀರು ಹಾಕಿ. ಹತ್ತಿ ಕೂಡಲೇ ಹೀರಿ ಕಲೆಯಾಗುತ್ತದೆ. ಹನಿ ಮುತ್ತಿನಂತೆ ಕೂತರೆ ಒಂದೋ ಒತ್ತು ಹೆಣಿಗೆಯ ಪಾಲಿಯೆಸ್ಟರ್, ಇಲ್ಲವೇ ಕಂಡೀಷನರ್ ಪದರ.

ಮಕ್ಕಳಿಗಾಗಿ ಪ್ರಯತ್ನಿಸುತ್ತಿರುವವರು ಬಿಗಿಯ ಬಗ್ಗೆ ಕೇಳುತ್ತಾರೆ. ವೃಷಣಗಳು ದೇಹಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿದ್ದಾಗ ಚೆನ್ನಾಗಿ ಕೆಲಸ ಮಾಡುತ್ತವೆ. ಅಮೆರಿಕದ ಬಾಸ್ಟನ್ನಿನಲ್ಲಿ 656 ಗಂಡಸರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೆಚ್ಚಾಗಿ ಸಡಿಲ ಬಾಕ್ಸರ್ ತೊಡುವವರ ವೀರ್ಯಾಣು ಸಾಂದ್ರತೆ ಉಳಿದವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಿತ್ತು. ಬಿಗಿ ತೊಡುವವರಲ್ಲೂ ಹೆಚ್ಚಿನವರ ಲೆಕ್ಕ ಸಹಜ ಮಿತಿಯೊಳಗೇ ಇತ್ತು ಎಂಬುದನ್ನೂ ಸೇರಿಸಿ ಓದಬೇಕು. ಬದಲಾಯಿಸಿದರೆ ಫಲ ತಿಳಿಯಲು ಸುಮಾರು ಮೂರು ತಿಂಗಳು ಬೇಕು, ವೀರ್ಯಾಣು ತಯಾರಾಗುವ ಕಾಲವೇ ಅಷ್ಟು.

## ಚಡ್ಡಿ ಬದಲಾಯಿಸುವುದನ್ನು ನಿಲ್ಲಿಸಿ ಡಾಕ್ಟರ ಬಳಿ ಹೋಗಬೇಕಾದದ್ದು

ಉಜ್ಜಿದ ಗಾಯ ಉರಿಯುತ್ತದೆ, ವಿಶ್ರಾಂತಿ ಕೊಟ್ಟರೆ ನಾಲ್ಕೈದು ದಿನದಲ್ಲಿ ಇಳಿಯುತ್ತದೆ. ಶಿಲೀಂಧ್ರದಿಂದ ಬರುವ ಗಜಕರ್ಣ ತುರಿಸುತ್ತದೆ, ದಿನೇ ದಿನೇ ಹರಡುತ್ತದೆ. ತೊಡೆಸಂದಿನಿಂದ ತೊಡೆಯ ಕಡೆಗೆ ಬಳೆಯಂತೆ ಅಂಚು ಕಟ್ಟಿ, ಅಂಚು ಉಬ್ಬಿ ಹೊಟ್ಟೆದ್ದು, ನಡುವೆ ತಿಳಿಯಾಗಿದ್ದರೆ ಬಹುಮಟ್ಟಿಗೆ ಅದೇ. ಮೆಡಿಕಲ್ ಶಾಪಿನವರು ಕೈಗೆ ಕೊಡುವ ಮಿಶ್ರ ಕ್ರೀಮು ಹಚ್ಚಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಎರಡು ದಿನ ತುರಿಕೆ ನಿಂತು ಸಮಾಧಾನವಾಗುತ್ತದೆ, ಒಳಗೆ ಶಿಲೀಂಧ್ರ ಇನ್ನೂ ಹಬ್ಬುತ್ತದೆ, ಬಳೆಯ ಗುರುತು ಅಳಿಸಿ ಡಾಕ್ಟರಿಗೂ ಗೊತ್ತಾಗದಂತೆ ಮಾಡುತ್ತದೆ. ಭಾರತದಲ್ಲಿ ಮಾಮೂಲಿ ಮದ್ದಿಗೆ ಬಗ್ಗದ ಗಜಕರ್ಣ ಈಗ ವ್ಯಾಪಕವಾಗಿದೆ, ಆದ್ದರಿಂದ ಹೇಳಿದಷ್ಟು ವಾರ ಪೂರ್ತಿ ಔಷಧ ತೆಗೆದುಕೊಳ್ಳಬೇಕು. ಟವೆಲ್ ಬೇರೆ ಇರಲಿ, ಚಡ್ಡಿಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿ. ಮಳೆಗಾಲವಾದರೆ ಇಸ್ತ್ರಿ ಹಾಕಿ. ಒದ್ದೆ ಚಡ್ಡಿ ಮಾತ್ರ ತೊಡಬೇಡಿ. ಸಕ್ಕರೆ ಕಾಯಿಲೆ ಇರುವವರು, ಚರ್ಮ ಒಡೆದು ಕೀವಾದವರು, ಜ್ವರ ಬಂದವರು ಕಾಯಬಾರದು.

ತೊಡೆಸಂದಿನಲ್ಲಿ ಕೆಮ್ಮಿದಾಗ ಉಬ್ಬುವ ಗಡ್ಡೆ, ವೃಷಣದಲ್ಲಿ ಗಟ್ಟಿ ಗಂಟು, ದಿನವಿಡೀ ಜೋತುಬಿದ್ದಂಥ ನೋವು ಇದ್ದರೆ ಬಿಗಿ ಚಡ್ಡಿಯ ಆಸರೆ ಹುಡುಕುತ್ತಾ ಕೂರದೆ ಸರ್ಜನ್‌ಗೆ ತೋರಿಸಿ. ಒಂದು ವೃಷಣದಲ್ಲಿ ಹಠಾತ್ತನೆ ತೀವ್ರ ನೋವು ಎದ್ದು, ಊದಿ, ವಾಂತಿ ಬರುವಂತಾದರೆ ಬೆಳಗಾಗಲಿ ಎಂದು ಕಾಯಬೇಡಿ. ವೃಷಣ ತಿರುಚಿಕೊಂಡು ರಕ್ತ ನಿಂತಿರಬಹುದು, ಆರು ಗಂಟೆಯೊಳಗೆ ಆಪರೇಷನ್ ಆದರೆ ಉಳಿಸುವ ಸಾಧ್ಯತೆ ಹೆಚ್ಚು. ಹದಿಹರೆಯದ ಹುಡುಗರಲ್ಲಿ ಇದು ಹೆಚ್ಚು. ಅವರು ನಾಚಿಕೆಯಿಂದ ಹೊಟ್ಟೆನೋವು ಎಂದಷ್ಟೇ ಹೇಳುವುದುಂಟು, ಹಾಗಾಗಿ ಮನೆಯವರೇ ಬಿಡಿಸಿ ಕೇಳಬೇಕು.